ಪದ ಬದಲಿಸಿದರೆ ಸಾಲದು, ವಾಕ್ಯವನ್ನು ಬಿಡಿಸಬೇಕು

ಬೋಧನಾಭ್ಯಾಸಕ್ಕೆ ಸೋಮನಹಳ್ಳಿ ಸುತ್ತಿನ ಶಾಲೆಗಳಿಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಈಗ ಪಾಠಯೋಜನೆಯ ಜೊತೆಗೆ ಒಂದು ಕಥಾ ವಿಡಿಯೋವನ್ನೂ ತಯಾರಿಸುತ್ತಾರೆ. ಹತ್ತು ಹನ್ನೆರಡು ಚಿತ್ರ, ಅದರ ಮೇಲೆ ತಮ್ಮದೇ ಧ್ವನಿ, ಮೂರು ನಿಮಿಷದ ಕಥೆ. ಕೇಳುವವರು ಅಂಗನವಾಡಿಯ ಮತ್ತು ಒಂದನೇ ತರಗತಿಯ ಮಕ್ಕಳು. ಇನ್ನೂ ಓದಲು ಬಾರದ, ಕೇಳಿಯೇ ಎಲ್ಲವನ್ನೂ ಹಿಡಿಯಬೇಕಾದ ಮಕ್ಕಳು. ಈ ವಿಡಿಯೋಗಳಿಗೆ ಅಂಕ ಕೊಡುವ ನಮೂನೆಯಲ್ಲಿ ಭಾಷೆಗೆ ಸಂಬಂಧಿಸಿದ ಅಂಶ ಒಂದೇ: “ಸರಳ ಪದಗಳು, ಚಿಕ್ಕ ವಾಕ್ಯಗಳು.” ಈ ಅಂಶವನ್ನು ಹಾಗೆಯೇ ಇಟ್ಟುಕೊಂಡರೆ ಮಕ್ಕಳಿಗೆ ನಷ್ಟವಾಗುತ್ತದೆ ಎಂಬುದು ನನ್ನ ವಾದ. ಏಕೆಂದರೆ ಅದನ್ನು ಅಕ್ಷರಶಃ ಪಾಲಿಸಿದ ಸ್ಕ್ರಿಪ್ಟ್‌ಗಳು ಪೂರ್ತಿ ಅಂಕ ಪಡೆಯುತ್ತವೆ. ಆದರೆ ಕಥೆ ಮುಗಿದ ಮೇಲೆ “ಆಮೆ ಯಾಕೆ ಬಿತ್ತು?” ಎಂದು ಕೇಳಿದರೆ ಮಗು ಸುಮ್ಮನೆ ಮುಖ ನೋಡುತ್ತದೆ.

ನಮ್ಮವರು ಹೆಚ್ಚಾಗಿ ಆರಿಸಿಕೊಳ್ಳುವ ಪಂಚತಂತ್ರದ ಕಥೆಯನ್ನೇ ತೆಗೆದುಕೊಳ್ಳೋಣ: ಆಮೆ ಮತ್ತು ಎರಡು ಹಂಸಗಳು. ಕಥೆ ಎಲ್ಲರಿಗೂ ಗೊತ್ತು. ಕೆರೆ ಬತ್ತುತ್ತದೆ. ಹಂಸಗಳು ಕೋಲಿನ ಎರಡು ತುದಿ ಹಿಡಿಯುತ್ತವೆ, ಆಮೆ ನಡುವೆ ಕಚ್ಚಿಕೊಳ್ಳುತ್ತದೆ, ಹಾರುವಾಗ ಬಾಯಿ ಬಿಟ್ಟು ಬೀಳುತ್ತದೆ. ಇದನ್ನು ದೊಡ್ಡವರಿಗಾಗಿ ಬರೆದ ಪುಸ್ತಕದ ಕನ್ನಡದಲ್ಲಿ ಹೇಳಿದರೆ ಮೊದಲ ವಾಕ್ಯ ಸುಮಾರು ಹೀಗಿರುತ್ತದೆ:

“ಅನಾವೃಷ್ಟಿಯಿಂದ ಬಳಲುತ್ತಿದ್ದ ಪ್ರದೇಶದಲ್ಲಿದ್ದ ಸರೋವರವು ಸಂಪೂರ್ಣವಾಗಿ ಬತ್ತಿಹೋಗುವ ಸ್ಥಿತಿಗೆ ತಲುಪಿದಾಗ, ಅಲ್ಲಿ ವಾಸಿಸುತ್ತಿದ್ದ ಆಮೆಯು ತನ್ನನ್ನೂ ಬೇರೆ ಜಲಾಶಯಕ್ಕೆ ಕರೆದೊಯ್ಯುವಂತೆ ತನ್ನ ಮಿತ್ರರಾದ ಹಂಸಗಳನ್ನು ವಿನಂತಿಸಿಕೊಂಡಿತು.”

ಇದು ಐದು ವರ್ಷದ ಮಗುವಿಗೆ ಆಗದು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಪ್ರಶ್ನೆ ಇರುವುದು ಮುಂದಿನ ಹೆಜ್ಜೆಯಲ್ಲಿ. “ಸರಳ ಪದ, ಚಿಕ್ಕ ವಾಕ್ಯ” ಎಂಬ ಸೂತ್ರ ಹಿಡಿದು ಇದನ್ನು ಇಳಿಸಿದಾಗ ಸಾಮಾನ್ಯವಾಗಿ ಬರುವುದು ಇದು:

“ಮಳೆ ಇಲ್ಲ. ಕೆರೆ ಒಣಗಿತು. ಆಮೆ ಇತ್ತು. ಹಂಸ ಇತ್ತು. ಗೆಳೆಯರು. ಬೇರೆ ಕೆರೆ ಬೇಕು. ಕೇಳಿತು. ಒಪ್ಪಿದವು.”

ಒಂದು ಪದವೂ ಕಷ್ಟದ್ದಲ್ಲ. ಒಂದು ವಾಕ್ಯವೂ ಮೂರು ಪದ ದಾಟಿಲ್ಲ. ಆದರೂ ಕಣ್ಣು ಮುಚ್ಚಿ ಕೇಳಿ ನೋಡಿ. ಯಾರು ಯಾರಿಗೆ ಗೆಳೆಯರು? ಯಾರು ಕೇಳಿತು, ಏನನ್ನು? ಹಂಸಗಳಿಗೂ ನೀರಿಲ್ಲವಲ್ಲ, ಆಮೆ ಮಾತ್ರ ಯಾಕೆ ಕೇಳಬೇಕು? ಮೊದಲ ವಾಕ್ಯದಲ್ಲಿ ಮಗುವಿಗೆ ಪದಗಳು ತಿಳಿಯುತ್ತಿರಲಿಲ್ಲ. ಇಲ್ಲಿ ಪದಗಳು ತಿಳಿಯುತ್ತವೆ, ಕಥೆ ತಿಳಿಯುವುದಿಲ್ಲ. ಉದ್ದದ ಹಗ್ಗವನ್ನು ತುಂಡು ತುಂಡಾಗಿ ಕತ್ತರಿಸಿದ ಹಾಗಾಯಿತು. ಹೊರಲು ಹಗುರ, ಆದರೆ ಅದರಿಂದ ಏನನ್ನೂ ಕಟ್ಟಲಾಗದು.

ಎಲ್ಲಿ ತಪ್ಪುತ್ತಿದೆ ಎಂದು ತಿಳಿಯಬೇಕಾದರೆ ಮೊದಲು ಉದ್ದ ಅಂದರೆ ಏನು ಎಂದು ಕೇಳಿಕೊಳ್ಳಬೇಕು. ನಾವು ಪದ ಎಣಿಸುತ್ತೇವೆ. ಕನ್ನಡದಲ್ಲಿ ಅದು ಕೆಟ್ಟ ಅಳತೆ. “ಆ ಕೆರೆಯಲ್ಲಿ ಒಂದು ಆಮೆ ಇತ್ತು” ಎಂಬುದರಲ್ಲಿ ಐದು ಪದಗಳಿವೆ, ಅಕ್ಷರ ಹನ್ನೊಂದು. “ಹೊರಟುಹೋಗಬೇಕಾಗಿದ್ದರಿಂದ” ಎಂಬುದು ಒಂದೇ ಪದ, ಅದರಲ್ಲೂ ಅಕ್ಷರ ಹನ್ನೊಂದೇ. ಬಾಯಿಗೆ, ಕಿವಿಗೆ ಎರಡೂ ಒಂದೇ ಉದ್ದ. ಆದರೆ ಮೊದಲನೆಯದರಲ್ಲಿ ಮಗು ಉಸಿರಾಡಲು ನಾಲ್ಕು ಸಂದುಗಳಿವೆ, ಎರಡನೆಯದರಲ್ಲಿ ಒಂದೂ ಇಲ್ಲ. ಆದ್ದರಿಂದ ಎಣಿಸುವುದಾದರೆ ಅಕ್ಷರ ಎಣಿಸಿ. ಚಿಕ್ಕ ಮಕ್ಕಳಿಗೆ ಕಥೆ ಹೇಳುವ ನಿಧಾನದಲ್ಲಿ ಒಂದು ಸೆಕೆಂಡಿಗೆ ಮೂರು ನಾಲ್ಕು ಅಕ್ಷರ ಎಂದಿಟ್ಟುಕೊಂಡರೆ ಹನ್ನೆರಡರಿಂದ ಹದಿನಾರು ಅಕ್ಷರದ ಸಾಲಿಗೆ ನಾಲ್ಕೈದು ಸೆಕೆಂಡು ಸಾಕು. ಒಂದು ಚಿತ್ರದ ಮೇಲೆ ಅಂಥ ಎರಡು ಸಾಲು ಆರಾಮವಾಗಿ ಕೂರುತ್ತವೆ. ಇದು ಕೆಲಸಕ್ಕೆ ಬರುವ ಒಂದು ಅಂದಾಜು ಅಷ್ಟೆ, ಕಟ್ಟಳೆಯಲ್ಲ.

ಕಟ್ಟಳೆಯಲ್ಲ ಏಕೆಂದರೆ ಉದ್ದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಈ ಎರಡು ಸಾಲುಗಳನ್ನು ಜೋರಾಗಿ ಓದಿ:

“ಹಂಸಗಳು ಕೋಲಿನ ಎರಡು ತುದಿ ಕಚ್ಚಿ ಹಿಡಿದು ಮೇಲೆ ಹಾರಿದವು.”

“ಕೋಲು ಕಚ್ಚಿದ್ದ ಆಮೆಯನ್ನು ನೋಡಿದ ಮಕ್ಕಳು ನಕ್ಕರು.”

ಮೊದಲ ಸಾಲಿನಲ್ಲಿ ಇಪ್ಪತ್ತಮೂರು ಅಕ್ಷರ, ಎರಡನೆಯದರಲ್ಲಿ ಹದಿನೆಂಟು. ಆದರೂ ಕಿವಿಗೆ ಕಷ್ಟವಾದದ್ದು ಎರಡನೆಯದು. ಮೊದಲ ಸಾಲಿನಲ್ಲಿ ಕೆಲಸ ಮಾಡುವವರು ಹಂಸಗಳು ಮಾತ್ರ. ಅವು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳಿದೆ: ಕಚ್ಚಿ, ಹಿಡಿದು, ಹಾರಿದವು. ಇದು ಮನೆಯಲ್ಲಿ ಮಗು ದಿನಾ ಕೇಳುವ ಕಟ್ಟು. “ಕೈ ತೊಳೆದು ಬಂದು ಕೂತ್ಕೊಂಡು ಉಣ್ಣು” ಎಂದು ಅವ್ವ ಹೇಳಿದರೆ ಮೂರು ವರ್ಷದ ಮಗುವೂ ಹಾಗೆಯೇ ಮಾಡುತ್ತದೆ. ಇಂಥ ಸಾಲನ್ನು “ಕಚ್ಚಿದವು. ಹಿಡಿದವು. ಹಾರಿದವು” ಎಂದು ಒಡೆಯುವುದರಿಂದ ಏನೂ ಸಿಗುವುದಿಲ್ಲ. ಕಥೆಯ ಓಟ ಮಾತ್ರ ನಿಲ್ಲುತ್ತದೆ.

ಎರಡನೆಯ ಸಾಲಿನಲ್ಲಿ ಕೆಲಸ ಮಾಡುವವರು ಇಬ್ಬರು. ಕಚ್ಚಿದ್ದು ಆಮೆ, ನೋಡಿ ನಕ್ಕದ್ದು ಮಕ್ಕಳು. ಯಾರು ಎಂಬುದು ಪ್ರತಿಸಲವೂ ಕ್ರಿಯೆ ಮುಗಿದ ಮೇಲೆ ಬರುತ್ತದೆ. ಇದರಲ್ಲಿ ಇನ್ನೂ ಒಂದು ಮೋಸವಿದೆ. “ನೋಡಿದ” ಎಂಬುದು ಮಕ್ಕಳನ್ನು ವಿಶೇಷಿಸುವ ಕೃದಂತವೂ ಹೌದು, “ಅವನು ನೋಡಿದ” ಎಂಬ ಪೂರ್ಣ ಕ್ರಿಯಾಪದವೂ ಹೌದು. ಕಣ್ಣಿನಲ್ಲಿ ಓದುವವರಿಗೆ ಮುಂದಿನ ಪದ ಆಗಲೇ ಕಾಣುತ್ತಿರುತ್ತದೆ, ಗೊಂದಲವಾಗದು. ಕಿವಿಯಲ್ಲಿ ಕೇಳುವ ಮಗುವಿಗೆ “ಆಮೆಯನ್ನು ನೋಡಿದ” ಎಂಬಲ್ಲಿಗೆ ವಾಕ್ಯ ಮುಗಿಯಿತು. ಯಾರೋ ಒಬ್ಬ ಆಮೆಯನ್ನು ನೋಡಿದ. ಅವನು ಯಾರೆಂದು ಹುಡುಕುವಷ್ಟರಲ್ಲಿ ಮಕ್ಕಳು ನಕ್ಕಾಗಿದೆ, ಚಿತ್ರ ಬದಲಾಗಿದೆ. ಪುಸ್ತಕದಲ್ಲಾದರೆ ಹಿಂದಿನ ಸಾಲಿಗೆ ಹೋಗಬಹುದು. ವಿಡಿಯೋದಲ್ಲಿ, ಅದೂ ನಲವತ್ತು ಮಕ್ಕಳ ನಡುವೆ ಕೂತಾಗ, ಹಿಂದೆ ಹೋಗುವ ದಾರಿ ಮಗುವಿನ ಕೈಯಲ್ಲಿಲ್ಲ.

ಆದ್ದರಿಂದ ಸ್ಕ್ರಿಪ್ಟ್ ತಿದ್ದುವಾಗ ಮೊದಲು ಪೆನ್ನು ಹೋಗಬೇಕಾದದ್ದು ಕಠಿಣ ಪದದ ಕೆಳಗಲ್ಲ. “ಇದ್ದ, ಬಂದ, ನೋಡಿದ, ವಾಸಿಸುತ್ತಿದ್ದ, ಕಚ್ಚಿದ್ದ” ಎಂದು ನಾಮಪದದ ಮುಂದೆ ಬಂದು ಕೂತ ಕೃದಂತಗಳ ಕೆಳಗೆ ಗೆರೆ ಎಳೆಯಿರಿ. ಅಂಥ ಪ್ರತಿಯೊಂದನ್ನೂ ತನ್ನದೇ ಕರ್ತೃವಿರುವ ಒಂದು ಸಾಲಾಗಿ ಬಿಡಿಸಿ: “ಆಮೆ ಕೋಲು ಕಚ್ಚಿತ್ತು. ಊರಿನ ಮಕ್ಕಳು ಆಮೆಯನ್ನು ನೋಡಿದರು. ಮಕ್ಕಳು ನಕ್ಕರು.” ಅಕ್ಷರ ಹೆಚ್ಚಾದವು. ಆಗಲಿ. ಪದವನ್ನು ಇಳಿಸುವ ಮೊದಲು ವಾಕ್ಯವನ್ನು ಬಿಡಿಸಬೇಕು. ಬಿಡಿಸುವುದು ಬೇರೆ, ಕತ್ತರಿಸುವುದು ಬೇರೆ.

ಮೇಲಿನ ಮೂರು ಸಾಲುಗಳಲ್ಲಿ “ಆಮೆ” ಎರಡು ಸಲ, “ಮಕ್ಕಳು” ಎರಡು ಸಲ ಬಂದಿರುವುದನ್ನು ಗಮನಿಸಿರಬಹುದು. ಪುನರುಕ್ತಿ ದೋಷ ಎಂದು ನಾವೇ ಪ್ರಬಂಧಗಳಲ್ಲಿ ಕೆಂಪು ಗೆರೆ ಎಳೆಯುತ್ತೇವೆ. ಪ್ರಾಣಿಗಳ ಕಥೆಯಲ್ಲಿ ಅದು ದೋಷವಲ್ಲ. ನಮ್ಮ ಭಾಷೆಯಲ್ಲಿ ಆಮೆಯೂ ಅದು, ಹಂಸವೂ ಅದು, ಕೋಲೂ ಅದು, ಕೆರೆಯೂ ಅದು. ಮನುಷ್ಯರ ಕಥೆಯಲ್ಲಿ “ಬಂದಳು” ಎಂದರೆ ಅಜ್ಜಿ, “ಬಂದ” ಎಂದರೆ ಮೊಮ್ಮಗ ಎಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಅದಕ್ಕೇ ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ಮಾತಾಡುವುದು ಸುಲಭ. ಆದರೆ ಎಲ್ಲರೂ ನಪುಂಸಕಲಿಂಗವಾಗಿರುವ ಕಥೆಯಲ್ಲಿ “ಕೇಳಿತು, ಹೇಳಿತು, ಹಿಡಿಯಿತು, ಬಿತ್ತು” ಎಂಬ ಕ್ರಿಯಾಪದಗಳು ಯಾರನ್ನೂ ತೋರಿಸುವುದಿಲ್ಲ. ಬಹುವಚನ ಸ್ವಲ್ಪ ಸಹಾಯ ಮಾಡೀತು ಎಂದುಕೊಂಡರೆ, ಮನೆಮಾತಿನಲ್ಲಿ “ಎರಡು ಹಂಸ ಬಂತು” ಎಂದೂ ಹೇಳುತ್ತೇವೆ. ಹಾಗಾಗಿ ಸಾಲು ಚಿಕ್ಕದು ಮಾಡಲು “ಆಮೆ”ಯನ್ನು ತೆಗೆಯುವುದೆಂದರೆ ಕಥೆಯಿಂದಲೇ ಆಮೆಯನ್ನು ತೆಗೆದಂತೆ. ಪ್ರತಿ ಸಾಲಿಗೂ ಹೆಸರು ಬೇಡ. ಆದರೆ ಕೆಲಸ ಮಾಡುವವರು ಬದಲಾದಾಗಲೆಲ್ಲ ಹೆಸರು ಬರಲೇಬೇಕು.

ಸಂಭಾಷಣೆಗೂ ಇದೇ ಮಾತು. “ನನ್ನನ್ನೂ ಕರೆದುಕೊಂಡು ಹೋಗಿ ಎಂದು ಆಮೆ ಹಂಸಗಳಿಗೆ ಹೇಳಿತು” ಎಂಬಲ್ಲಿ ಮಾತು ಮುಗಿದ ಮೇಲೆ ಮಾತಾಡಿದವರು ಯಾರೆಂದು ಗೊತ್ತಾಗುತ್ತದೆ. ವಿಡಿಯೋಗೆ ಧ್ವನಿ ಕೊಡುವವರು ಒಬ್ಬರೇ, ಧ್ವನಿ ಬದಲಾಗುವುದಿಲ್ಲ. ಕಥೆ ಹೇಳುವ ನಮ್ಮ ಅಜ್ಜಿಯರು ಇದಕ್ಕೆ ಬಹಳ ಹಿಂದೆಯೇ ಪರಿಹಾರ ಕಂಡುಕೊಂಡಿದ್ದಾರೆ: “ಆಗ ಆಮೆ ಏನಂತು ಗೊತ್ತಾ?” ಎಂದು ಮೊದಲು ಕೇಳಿ, ಒಂದು ಕ್ಷಣ ನಿಂತು, ಆಮೇಲೆ ಮಾತು ಹೇಳುತ್ತಾರೆ. ಮಾತಾಡುವವರನ್ನು ಮೊದಲು ಹೇಳುವುದೂ ಆಯಿತು, ಮಗು ಕಿವಿ ನೆಟ್ಟಗೆ ಮಾಡಿಕೊಳ್ಳುವುದೂ ಆಯಿತು.

ಈಗ ಪದಗಳ ವಿಷಯ. ಕಠಿಣ ಪದ ಕಂಡ ಕಡೆಯಲ್ಲೆಲ್ಲ ಒಂದು ಸುಲಭ ಪದ ಇಡುವುದು ಸರಳೀಕರಣವಲ್ಲ. ನಮ್ಮ ವಾಕ್ಯದ ಪದಗಳನ್ನು ಮೂರು ಗುಂಪು ಮಾಡಬೇಕು. ಮೊದಲ ಗುಂಪಿನವು, ಮನೆಯಲ್ಲಿ ಜೊತೆಪದ ಇರುವವು: ಸರೋವರ ಅಂದರೆ ಕೆರೆ, ಮಿತ್ರ ಅಂದರೆ ಗೆಳೆಯ, ವಿನಂತಿಸು ಅಂದರೆ ಕೇಳು. ಇವನ್ನು ಯೋಚಿಸದೆ ಬದಲಿಸಿ. ಎರಡನೆಯ ಗುಂಪಿನವು ಬದಲಿಸಿದರೂ ಉಪಯೋಗವಿಲ್ಲದವು. “ಅನಾವೃಷ್ಟಿ”ಗೆ “ಬರಗಾಲ” ಎಂದು ಬರೆಯುತ್ತೇವೆ. ಐದು ವರ್ಷದ ಮಗುವಿಗೆ ಬರಗಾಲವೂ ಅಷ್ಟೇ ದೂರದ ಪದ. “ಪ್ರದೇಶ”, “ಸ್ಥಿತಿ” ಇವು ಚಿಕ್ಕ ಪದಗಳೇ, ಆದರೆ ಇವುಗಳ ಚಿತ್ರ ಬರೆಯಲು ಹೇಳಿದರೆ ಯಾರಿಂದಲೂ ಆಗದು. ಚಿತ್ರವಾಗಲಾರದ ಪದಕ್ಕೆ ಬದಲಿ ಪದ ಹುಡುಕಬೇಡಿ, ಆ ಪದದ ಒಳಗೆ ನಡೆದ ಘಟನೆಯನ್ನು ಹೇಳಿ: “ಆ ವರ್ಷ ಮಳೆ ಬರಲೇ ಇಲ್ಲ.”

ಮೂರನೆಯ ಗುಂಪು ಕಥೆಯದೇ ಆದ ಪದಗಳು. ಇವನ್ನು ಉಳಿಸಿಕೊಳ್ಳಬೇಕು ಮತ್ತು ಕಲಿಸಬೇಕು. “ಬತ್ತು” ಅಂಥ ಪದ. ಸುಲಭವಾಗಲೆಂದು ಅದನ್ನು “ಒಣಗು” ಎಂದು ಮಾಡುವವರಿದ್ದಾರೆ. ಒಣಗುವುದು ಬಟ್ಟೆ, ಸೌದೆ. ನೀರು ಮೆಲ್ಲ ಮೆಲ್ಲಗೆ ಇಲ್ಲವಾಗುವುದಕ್ಕೆ ನಮ್ಮಲ್ಲಿ ಬತ್ತುವುದು ಎಂಬ ಪದವೇ ಇದೆ. ಹಸು ಸಾಕುವ ಮನೆಗಳಲ್ಲಿ “ಹಾಲು ಬತ್ತಿತು” ಎಂಬ ಮಾತು ಮಗುವಿನ ಕಿವಿಗೆ ಬಿದ್ದೂ ಇರುತ್ತದೆ. ಅದನ್ನು ಮೂರು ಚಿತ್ರಗಳ ಮೇಲೆ ಮೂರು ಸಲ ಹೇಳಿ, ಒಂದೊಂದು ಚಿತ್ರದಲ್ಲೂ ನೀರು ಇಳಿಯಲಿ. ಕಥೆ ಮುಗಿಯುವ ಹೊತ್ತಿಗೆ ಅದು ಮಗುವಿನ ಪದ. ಮೂರು ನಿಮಿಷದ ಕಥೆಯಲ್ಲಿ ಇಂಥ ಪದ ಮೂರೋ ನಾಲ್ಕೋ ಇದ್ದರೆ ಸಾಕು.

“ಹಂಸ” ಈ ಗುಂಪಿನ ಕಷ್ಟದ ಪದ. ಮದ್ದೂರು ತಾಲ್ಲೂಕಿನ ಮಗು ಹಂಸವನ್ನು ನೋಡಿಲ್ಲ. ಆದರೆ ಇದೇ ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಗದ್ದೆಯಲ್ಲಿ ಕೊಕ್ಕರೆ ನಿಂತಿರುವುದನ್ನು ಕಾಣದ ಮಗು ಇಲ್ಲಿಲ್ಲ. ಹಾಗಾದರೆ ಹಂಸವನ್ನು ಕೊಕ್ಕರೆ ಮಾಡಬಹುದೇ? ಚಿತ್ರವನ್ನು ನೀವೇ ಬರೆಯುವುದಾದರೆ ಖಂಡಿತ ಮಾಡಿ. ಉದ್ದ ಕೊಕ್ಕಿನಲ್ಲಿ ಕೋಲು ಹಿಡಿಯುವುದು ಚಿತ್ರದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ಸಿದ್ಧ ಚಿತ್ರದಲ್ಲಿ ಬಿಳಿ ಹಂಸ ಇರುವಾಗ ಧ್ವನಿಯಲ್ಲಿ ಮಾತ್ರ ಕೊಕ್ಕರೆ ಎನ್ನುವುದು ಕೂಡದು. ಕಂಡದ್ದಕ್ಕೂ ಕೇಳಿದ್ದಕ್ಕೂ ತಾಳೆಯಾಗದಿದ್ದರೆ ಮಗು ತಾನು ಕಂಡದ್ದನ್ನು ನಂಬುತ್ತದೆ, ನಮ್ಮ ಮಾತನ್ನು ಬಿಡುತ್ತದೆ. ಚಿತ್ರ ಹಂಸದ್ದಾದರೆ ಹಂಸ ಎಂದೇ ಹೇಳಿ. ಹೊಸ ಪದಕ್ಕೆ ಚಿತ್ರಕ್ಕಿಂತ ಒಳ್ಳೆಯ ಅರ್ಥಕೋಶ ಇಲ್ಲ.

ಆಡುಮಾತಿನ ಪ್ರಶ್ನೆಯೂ ಇಲ್ಲೇ ಏಳುತ್ತದೆ. ನಿರೂಪಣೆಯನ್ನು “ಐತೆ, ಓಗು, ವಸಿ” ಎಂದು ಮಂಡ್ಯದ ಮಾತಿನಲ್ಲೇ ಮಾಡಬೇಕೆ? ಎಲ್ಲರಿಗೂ ಅರ್ಥವಾಗುವ, ಮುಂದೆ ಓದಿನಲ್ಲಿ ಸಿಗಲಿರುವ ಸಾದಾ ಕನ್ನಡದಲ್ಲಿ ನಿರೂಪಣೆ ಇರಲಿ, ಪಾತ್ರಗಳು ಮಾತ್ರ ಮನೆಯ ಮಾತಾಡಲಿ ಎಂಬುದು ನನ್ನ ಅಭಿಪ್ರಾಯ. ಊರಿನ ಮಕ್ಕಳು ಆಮೆಯನ್ನು ಕಂಡು “ನೋಡ್ರುಲಾ, ಆಮೆ ಆರ್ತಾ ಐತೆ!” ಎಂದು ಕೂಗಿದರೆ ತರಗತಿಯ ಮಕ್ಕಳಿಗೆ ಅದು ತಮ್ಮ ಬೀದಿಯದೇ ಕೂಗು. ಆದರೆ ಎಲ್ಲ ಪಾತ್ರಗಳೂ ಶಿಷ್ಟ ಕನ್ನಡ ಆಡಿ ಪೆದ್ದ ಪಾತ್ರ ಒಂದೇ ಹಳ್ಳಿಮಾತು ಆಡುವಂತೆ ಮಾಡಬೇಡಿ. ಆ ಪಾಠವನ್ನು ಮಗು ಬೇಗ ಕಲಿಯುತ್ತದೆ.

ಇನ್ನು ಯಾವ ಸಾಲನ್ನು ಬಿಡಬಹುದು, ಯಾವುದನ್ನು ಬಿಡಬಾರದು? ಪ್ರತಿ ಕಥೆಗೂ ಮೂರು ನಾಲ್ಕು ಕೀಲುಗಳಿರುತ್ತವೆ. ಈ ಕಥೆಯಲ್ಲಿ ಅವು ನಾಲ್ಕು: ಕೆರೆ ಬತ್ತಿತು; ಆಮೆಗೆ ರೆಕ್ಕೆಯಿಲ್ಲ; ಬಾಯಿ ಬಿಟ್ಟರೆ ಬೀಳುತ್ತದೆ; ಆಮೆ ಬಾಯಿ ಬಿಟ್ಟಿತು. ಒಂದು ಕೀಲು ಬಿದ್ದುಹೋದರೂ ಕಥೆ ಬಿಚ್ಚಿಕೊಳ್ಳುತ್ತದೆ. ಆ ಕತ್ತರಿಸಿದ ಸ್ಕ್ರಿಪ್ಟ್‌ನಲ್ಲಿ ಎರಡನೆಯ ಕೀಲೇ ಇರಲಿಲ್ಲ. ಆಮೆಗೆ ರೆಕ್ಕೆಯಿಲ್ಲ ಎಂಬುದು ದೊಡ್ಡವರಿಗೆ ಹೇಳದೆಯೇ ಗೊತ್ತಿರುವುದರಿಂದ ಅದನ್ನು ಬಿಟ್ಟೆವು. ಮಗುವಿಗೆ ಕಥೆ ಶುರುವಾಗುವುದೇ ಅಲ್ಲಿಂದ.

ಮೂರನೆಯ ಕೀಲು ಕೆಡುವುದು ಬೇರೆ ರೀತಿ. “ಬಾಯಿ ಬಿಟ್ಟರೆ ಬೀಳುತ್ತೀಯ” ಎಂಬುದನ್ನು ಚಿಕ್ಕದು ಮಾಡಲು “ಬಾಯಿ ಬಿಡಬೇಡ. ಬೀಳುತ್ತೀಯ” ಎಂದು ಒಡೆಯುತ್ತಾರೆ. ಈಗ ಬೀಳುವುದು ಖಚಿತವಾಯಿತು! ಬಿಟ್ಟರೆ ಮಾತ್ರ ಬೀಳುವುದು ಎಂಬ ಕೊಂಡಿ ಹೋಯಿತು. “-ರೆ” ಎಂಬ ಈ ಪ್ರತ್ಯಯ ಮಕ್ಕಳಿಗೆ ಕಷ್ಟವೆಂದು ತಿಳಿಯಬೇಡಿ. “ಅತ್ತರೆ ಗುಮ್ಮ ಬರುತ್ತೆ”, “ಉಂಡರೆ ಬೆಲ್ಲ ಕೊಡ್ತೀನಿ” ಎಂದು ತೊಟ್ಟಿಲಿನಿಂದಲೂ ಕೇಳಿಕೊಂಡು ಬಂದವರು ಅವರು. ಕಾರಣ ಹೇಳುವ, ಷರತ್ತು ಹೇಳುವ ಪದಗಳನ್ನು ಸಾಲು ಗಿಡ್ಡವಾಗಲೆಂದು ಎಂದೂ ತೆಗೆಯಬಾರದು. ಕಥೆಯ ಅರ್ಥ ನಿಂತಿರುವುದೇ ಅವುಗಳ ಮೇಲೆ.

ಇಷ್ಟನ್ನೂ ಇಟ್ಟುಕೊಂಡು ಕಥೆಯನ್ನು ಮತ್ತೆ ಬರೆದರೆ ಹೀಗಾಗುತ್ತದೆ. ಒಂದೊಂದು ಗುಂಪೂ ಒಂದು ಚಿತ್ರ.

ಒಂದು ಕೆರೆ ಇತ್ತು.
ಆ ಕೆರೆಯಲ್ಲಿ ಒಂದು ಆಮೆ ಇತ್ತು.

ಆಮೆಗೆ ಇಬ್ಬರು ಗೆಳೆಯರು.
ಈ ಕಡೆ ಒಂದು ಹಂಸ. ಆ ಕಡೆ ಒಂದು ಹಂಸ.

ಆ ವರ್ಷ ಮಳೆ ಬರಲೇ ಇಲ್ಲ.
ಕೆರೆ ಬತ್ತಿತು. ಇನ್ನೂ ಬತ್ತಿತು.
ಪೂರ್ತಿ ಬತ್ತಿತು. ಬರೀ ಕೆಸರು!

ಹಂಸಗಳಿಗೆ ರೆಕ್ಕೆ ಇದೆ. ಅವು ಬೇರೆ ಕೆರೆಗೆ ಹಾರಬಹುದು.
ಆಮೆಗೆ ರೆಕ್ಕೆ ಇಲ್ಲ. ಆಮೆ ಏನು ಮಾಡಬೇಕು?

ಆಗ ಆಮೆ ಏನಂತು ಗೊತ್ತಾ?
“ನನ್ನನ್ನೂ ಕರ್ಕೊಂಡು ಹೋಗಿ.”

ಹಂಸಗಳು ಒಂದು ಕೋಲು ತಂದವು.
“ಆಮೆ ಆಮೆ, ಈ ಕೋಲು ಕಚ್ಚಿಕೋ. ಬಾಯಿ ಬಿಟ್ಟರೆ ಬೀಳ್ತೀಯ!”

ಆಮೆ ಕೋಲು ಕಚ್ಚಿತು. ಗಟ್ಟಿಯಾಗಿ ಕಚ್ಚಿತು.
ಹಂಸಗಳು ಎರಡು ತುದಿ ಹಿಡಿದು ಹಾರಿದವು. ಪಟಪಟ, ಪಟಪಟ!

ಕೆಳಗೆ ಒಂದು ಊರು. ಊರಿನ ಮಕ್ಕಳು ಮೇಲೆ ನೋಡಿದರು.
“ನೋಡ್ರುಲಾ, ಆಮೆ ಆರ್ತಾ ಐತೆ!” ಮಕ್ಕಳು ಕಿಲಕಿಲ ನಕ್ಕರು.

ಆಮೆಗೆ ಸಿಟ್ಟು ಬಂತು.
(ಎರಡು ಸೆಕೆಂಡು ಮೌನ)
ಆಮೆ ಬಾಯಿ ಬಿಟ್ಟಿತು.
ಧೊಪ್!

ಆ ಎರಡು ಸೆಕೆಂಡಿನ ಮೌನ ಸ್ಕ್ರಿಪ್ಟ್‌ನ ಭಾಗವೇ. ಸಾಲು ಚಿಕ್ಕದಾದರೆ ಕಥೆ ನಿಧಾನವಾಯಿತು ಎಂದು ನಾವು ತಿಳಿಯುತ್ತೇವೆ. ಚಿಕ್ಕ ಸಾಲುಗಳನ್ನು ಒಂದರ ಬೆನ್ನಿಗೊಂದು ಓದಿದರೆ ಉದ್ದದ ಒಂದು ಸಾಲಿಗಿಂತ ವೇಗವಾಗಿಯೇ ಓಡುತ್ತವೆ. ಹಿನ್ನೆಲೆ ಸಂಗೀತವೂ ಸೇರಿದರೆ ಪದದ ಕೊನೆಯ ಪ್ರತ್ಯಯ ಕೇಳುವುದೇ ಇಲ್ಲ. ಕನ್ನಡದಲ್ಲಿ ಯಾರಿಗೆ, ಯಾರನ್ನು ಎಂಬುದು ಇರುವುದು ಅಲ್ಲೇ. ಕೀಲಿನ ಸಾಲಿನ ಮುಂದೆ ಮೌನ ಕೊಡಿ, ಆ ಸಾಲಿನ ಕೆಳಗೆ ಸಂಗೀತ ನಿಲ್ಲಿಸಿ. ಆ ಮೌನದಲ್ಲಿ ಮಗು ತನ್ನಷ್ಟಕ್ಕೆ “ಬಾಯಿ ಬಿಟ್ಟರೆ…” ಎಂದು ನೆನೆಯುತ್ತದೆ. ಮೂಲ ಕಥೆಯಲ್ಲಿ ಆಮೆ ಸಾಯುತ್ತದೆ. ಕೆಸರಿನಲ್ಲಿ ಬೀಳಿಸಿ ಉಳಿಸುವುದೋ ಬೇಡವೋ ಎಂಬುದು ನಿಮ್ಮ ತರಗತಿ ನೋಡಿ ನೀವು ಮಾಡಬೇಕಾದ ತೀರ್ಮಾನ. ಅದು ಭಾಷೆಯ ಸರಳೀಕರಣವಲ್ಲ, ಎರಡನ್ನೂ ಬೆರೆಸಬೇಡಿ. ಆಮೆ ಬೀಳುವುದನ್ನು ಮಾತ್ರ ತಪ್ಪಿಸಬೇಡಿ.

ಇದಕ್ಕೆ ಒಂದು ಆಕ್ಷೇಪಣೆ ಬರುವುದು ನನಗೆ ಗೊತ್ತು, ಅದು ಬೆಲೆಯುಳ್ಳ ಆಕ್ಷೇಪಣೆ. ಮಕ್ಕಳಿಗೆ ತಿಳಿದದ್ದನ್ನೇ ಹೇಳುತ್ತಾ ಹೋದರೆ ಅವರ ಭಾಷೆ ಬೆಳೆಯುವುದು ಹೇಗೆ? ಕುವೆಂಪು ಅವರ “ಬೊಮ್ಮನಹಳ್ಳಿಯ ಕಿಂದರಿಜೋಗಿ” ಬ್ರೌನಿಂಗ್ ಕವಿಯ ಇಂಗ್ಲಿಷ್ ಕಥನಕವನವನ್ನು ಆಧರಿಸಿದ್ದು. ಅದರ ಎಲ್ಲ ಪದಗಳೂ ಯಾವ ಮಗುವಿಗೂ ತಿಳಿದಿರಲಿಲ್ಲ, ಆದರೂ ತಲೆಮಾರುಗಳ ಮಕ್ಕಳು ಬಾಯಿ ಬಿಟ್ಟು ಕೇಳಿದರು. ನಿಜ. ಆದರೆ ಅಲ್ಲಿ ಮಗುವನ್ನು ಹಿಡಿದು ನಿಲ್ಲಿಸುವುದು ಏನು ಎಂದು ನೋಡಿ: ಲಯ, ಪ್ರಾಸ, ಬಗೆಬಗೆಯ ಇಲಿಗಳ ಸಾಲು ಸಾಲು ಪಟ್ಟಿ, ಮುಂದೆ ಏನಾಯಿತು ಎಂಬ ಕುತೂಹಲ. ಪದ ಹೊಸದು, ಆದರೆ ಕಥೆಯ ದಾರಿ ಕೈತಪ್ಪುವುದಿಲ್ಲ. “ವಾಸಿಸುತ್ತಿದ್ದ ಆಮೆಯು ಕರೆದೊಯ್ಯುವಂತೆ ವಿನಂತಿಸಿಕೊಂಡಿತು” ಎಂಬುದರಲ್ಲಿ ಅಂಥ ಸಿರಿ ಏನೂ ಇಲ್ಲ, ಬರೀ ಸಿಕ್ಕು ಇದೆ. ಭಾಷೆಯ ಸಿರಿಯನ್ನು ಉಳಿಸಿಕೊಳ್ಳೋಣ. ಬತ್ತು, ಪಟಪಟ, ಕಿಲಕಿಲ, ಧೊಪ್ ಇವು ಅದರ ಭಾಗವೇ. ಸಿಕ್ಕನ್ನು ಉಳಿಸಿಕೊಳ್ಳಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಹಾಗಾದರೆ ಸ್ಕ್ರಿಪ್ಟ್ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? “ಅರ್ಥವಾಯಿತಾ ಮಕ್ಕಳೇ?” ಎಂದರೆ “ಆಯ್ತು ಮಿಸ್” ಎಂಬ ಉತ್ತರ ಯಾವಾಗಲೂ ಸಿದ್ಧ. ಚಿತ್ರ ತೋರಿಸಿ ಕೇಳಿದರೆ ಮಗು ಚಿತ್ರ ನೋಡಿ ಉತ್ತರ ಹೇಳುತ್ತದೆ, ನಿಮ್ಮ ಮಾತಿಗೆ ಪರೀಕ್ಷೆಯಾಗುವುದಿಲ್ಲ. ವಿಡಿಯೋ ಕಟ್ಟುವ ಮೊದಲೇ, ಬರೀ ಧ್ವನಿಯನ್ನು ಫೋನಿನಲ್ಲಿ ಮುದ್ರಿಸಿ ಇಬ್ಬರು ಮೂವರು ಮಕ್ಕಳಿಗೆ ಕೇಳಿಸಿ. ಹಂಸ ಎಂಥದೆಂದು ಒಂದೇ ಒಂದು ಚಿತ್ರವನ್ನು ಮೊದಲೇ ತೋರಿಸಿದರೆ ಸಾಕು. ಆಮೇಲೆ “ಈಗ ನೀನು ನಂಗೆ ಆ ಕಥೆ ಹೇಳು” ಎನ್ನಿ. ಮಗು ಎಡವುವ ಜಾಗವೇ ಸ್ಕ್ರಿಪ್ಟ್‌ನ ರೋಗವನ್ನು ಹೇಳುತ್ತದೆ. “ಹಂಸ ಬಿದ್ದೋಯ್ತು” ಎಂದರೆ ಎಲ್ಲೋ ಹೆಸರು ಬಿಟ್ಟಿದ್ದೀರಿ. ಬಿದ್ದದ್ದು ಹೇಳಿ, ಯಾಕೆ ಎಂದರೆ ಸುಮ್ಮನಾದರೆ “-ರೆ” ಸಾಲು ಕೇಳಿಸಿಲ್ಲ, ಅಥವಾ ಅದರ ಮುಂದೆ ಮೌನವಿಲ್ಲ. ಶುರುವೇ ಮಾಡಲಾಗದಿದ್ದರೆ ಮೊದಲ ಎರಡು ಚಿತ್ರಕ್ಕೆ ಮಾತು ಹೆಚ್ಚಾಗಿದೆ. ಕಥೆ ಪೂರ್ತಿ ಹೇಳಿ ಒಂದೇ ಒಂದು ಪದವನ್ನು ಬೇರೆ ಮಾಡಿ ಹೇಳಿದರೆ, ಅದೇ ನಿಮಗೆ ಬೇಕಾದ ಪದ. ಬರೆದುಕೊಳ್ಳಿ.

ಆದ್ದರಿಂದ ಬೋಧನಾಭ್ಯಾಸದ ಅಂಕಪಟ್ಟಿಯಲ್ಲಿ “ಸರಳ ಪದಗಳು, ಚಿಕ್ಕ ವಾಕ್ಯಗಳು” ಎಂಬ ಅಂಶವನ್ನು ತೆಗೆದು ಅದೇ ಅಂಕಗಳನ್ನು ಮೂರು ಪ್ರಶ್ನೆಗಳಿಗೆ ಹಂಚಬೇಕೆಂದು ನಮ್ಮ ಮೇಲ್ವಿಚಾರಕ ಬಂಧುಗಳಲ್ಲಿ ಕೇಳಿಕೊಳ್ಳುತ್ತೇನೆ. ಕೆಲಸ ಮಾಡುವವರು ಬದಲಾದಾಗಲೆಲ್ಲ ಅವರ ಹೆಸರು ಸಾಲಿನ ಮೊದಲಿಗೆ ಬಂದಿದೆಯೇ? ಕಥೆಯ ಕೀಲುಗಳನ್ನು ಪ್ರಶಿಕ್ಷಣಾರ್ಥಿ ಪಟ್ಟಿ ಮಾಡಿದ್ದಾರೆಯೇ, ಅವೆಲ್ಲ ಸ್ಕ್ರಿಪ್ಟ್‌ನಲ್ಲಿ ಉಳಿದಿವೆಯೇ? ಬರೀ ಧ್ವನಿ ಕೇಳಿದ ಒಂದು ಮಗು ಮರಳಿ ಹೇಳಿದ ಕಥೆಯನ್ನು, ಅದರ ಮಾತಿನಲ್ಲೇ, ಪಾಠಯೋಜನೆಗೆ ಲಗತ್ತಿಸಿದ್ದಾರೆಯೇ? ಮೂರನೆಯ ಪ್ರಶ್ನೆಗೆ ಹೆಚ್ಚು ಅಂಕ ಇರಲಿ. ಅದನ್ನು ಬರೆಯಲು ಪ್ರಶಿಕ್ಷಣಾರ್ಥಿಗೆ ಬೇಕಾಗುವುದು ಅರ್ಧ ಪುಟ, ಓದಲು ನಮಗೆ ಬೇಕಾಗುವುದು ಎರಡು ನಿಮಿಷ. ಆಮೆ ಯಾಕೆ ಬಿತ್ತು ಎಂಬುದು ಮಗುವಿಗೆ ತಿಳಿಯಿತೋ ಇಲ್ಲವೋ ಎಂಬುದು ಅಲ್ಲಿ ಕಾಣುತ್ತದೆ.